‘ಇಂದು ರಾತ್ರಿ 9.30ಕ್ಕೆ ಕರೆಂಟ್ ಕಟ್’: ಆ ಗಡುವನ್ನು ಮೊದಲು ಪರೀಕ್ಷಿಸಿ

‘ಪ್ರಿಯ ಗ್ರಾಹಕರೇ, ನಿಮ್ಮ ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ. ಆದ್ದರಿಂದ ಇಂದು ರಾತ್ರಿ 9.30ಕ್ಕೆ ವಿದ್ಯುತ್ ಕಚೇರಿಯಿಂದ ನಿಮ್ಮ ಸಂಪರ್ಕ ಕಡಿತಗೊಳಿಸಲಾಗುವುದು. ಕೂಡಲೇ ನಮ್ಮ ಅಧಿಕಾರಿಯನ್ನು ಈ ಸಂಖ್ಯೆಯಲ್ಲಿ ಸಂಪರ್ಕಿಸಿ.’ ಇಂಥ ಸಂದೇಶ ಕೆಲವು ವರ್ಷಗಳಿಂದ ದೇಶದ ಮೂಲೆಮೂಲೆಯ ಮೊಬೈಲ್‌ಗಳಿಗೆ ಬರುತ್ತಿದೆ. ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕೆಲವೊಮ್ಮೆ ಆಯಾ ರಾಜ್ಯದ ಭಾಷೆಯಲ್ಲಿ. ಬೆಸ್ಕಾಂ ಗ್ರಾಹಕರಿಗೂ ಮಹಾರಾಷ್ಟ್ರದ ಗ್ರಾಹಕರಿಗೂ ಬರುವ ಒಕ್ಕಣೆ ಹೆಚ್ಚುಕಡಿಮೆ ಒಂದೇ. ಇದನ್ನು ಗುರುತಿಸುವುದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಕಾಗುಣಿತ ತಪ್ಪಿರುತ್ತದೆ, ವ್ಯಾಕರಣ ಸರಿಯಿರುವುದಿಲ್ಲ ಎಂಬುದು. ಆ ಉತ್ತರವನ್ನು ನೆಚ್ಚಿಕೊಳ್ಳುವಂತಿಲ್ಲ. ಕಾಗುಣಿತವನ್ನು ವಂಚಕ ಯಾವತ್ತು ಬೇಕಾದರೂ ತಿದ್ದಿಕೊಳ್ಳಬಹುದು, ಲಾಂಛನ ಅಂಟಿಸಬಹುದು, ಅಚ್ಚುಕಟ್ಟಾದ ಕನ್ನಡದಲ್ಲೇ ಬರೆಯಬಹುದು. ಅವನು ಬಿಡಲಾಗದ್ದು ಒಂದೇ, ‘ಇಂದು ರಾತ್ರಿ’ ಎಂಬ ಗಡುವು. ‘ಇನ್ನು ಹದಿನೈದು ದಿನದಲ್ಲಿ’ ಎಂದು ಬರೆದರೆ ಓದಿದವರು ನಾಳೆ ನೋಡೋಣ ಎಂದು ಬದಿಗಿಡುತ್ತಾರೆ, ಯಾರನ್ನಾದರೂ ಕೇಳುತ್ತಾರೆ, ಮೋಸ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಗಡುವಿಲ್ಲದೆ ಈ ದಂಧೆ ನಡೆಯುವುದಿಲ್ಲ. ಬಿಲ್ ಬಾಕಿಗಾಗಿ ಅಂಥ ಗಡುವು ಕಾನೂನಿನಲ್ಲೂ ಇಲ್ಲ, ಎಸ್ಕಾಂಗಳ ದಿನನಿತ್ಯದ ಕೆಲಸದ ಕ್ರಮದಲ್ಲೂ ಇಲ್ಲ. ಸಂದೇಶ ಸುಳ್ಳೆನ್ನಲು ಇರುವ ಅತ್ಯಂತ ಗಟ್ಟಿ ಪುರಾವೆ ಅದರ ಬೆದರಿಕೆಯೊಳಗೇ ಇದೆ.

ಕಾನೂನಿನಿಂದಲೇ ಶುರು ಮಾಡೋಣ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮು ಬಾಕಿ ಉಳಿಸಿಕೊಂಡವರ ಸಂಪರ್ಕ ಕಡಿತಗೊಳಿಸುವ ಅಧಿಕಾರವನ್ನು ವಿದ್ಯುತ್ ಕಂಪನಿಗೆ ಕೊಡುತ್ತದೆ. ಆದರೆ ಕನಿಷ್ಠ ಹದಿನೈದು ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಟ್ಟ ಮೇಲಷ್ಟೇ ಎಂಬ ಷರತ್ತನ್ನೂ ಹಾಕುತ್ತದೆ. ಬಿಲ್ಲಿನ ಮೊತ್ತವೇ ತಪ್ಪು ಎಂದು ತಕರಾರಿದ್ದರೆ, ತಕರಾರನ್ನು ದಾಖಲಿಸಿ ಆ ಮೊತ್ತವನ್ನು, ಇಲ್ಲವೇ ಹಿಂದಿನ ಆರು ತಿಂಗಳ ಸರಾಸರಿ ಶುಲ್ಕದ ಲೆಕ್ಕದಲ್ಲಿ ಆಗುವ ಮೊತ್ತವನ್ನು, ಎರಡರಲ್ಲಿ ಕಡಿಮೆಯಾದದ್ದನ್ನು ಠೇವಣಿ ಕಟ್ಟಿದರೆ, ವಿವಾದ ಬಗೆಹರಿಯುವವರೆಗೆ ಸಂಪರ್ಕ ಕೀಳುವಂತಿಲ್ಲ ಎಂದೂ ಅದೇ ಕಲಮು ಹೇಳುತ್ತದೆ. ನಮ್ಮ ಕೈಗೆ ಬರುವ ಬಿಲ್ಲೇ ಆ ನೋಟಿಸ್ ಎಂದು ಯಾರಾದರೂ ವಾದಿಸಬಹುದು. ವಾದಿಸಲಿ. ಹಾಗೆ ಹಿಡಿದರೂ ಬಿಲ್ ಬಂದ ದಿನದಿಂದ ಹದಿನೈದು ದಿನ ಉರುಳಬೇಕು. ಮಧ್ಯಾಹ್ನ ಮೂರಕ್ಕೆ ಮೊಬೈಲಿಗೆ ಸಂದೇಶ ಕಳಿಸಿ ಅದೇ ರಾತ್ರಿ ಒಂಬತ್ತೂವರೆಗೆ ಮನೆ ಕತ್ತಲು ಮಾಡುವ ಅಧಿಕಾರ ಈ ಕಲಮಿನಲ್ಲಿ ಎಲ್ಲಿಯೂ ಇಲ್ಲ. ಒಂದೇ ದಿನದಲ್ಲಿ ಸಂಪರ್ಕ ಕಡಿಯುವ ಸಂದರ್ಭಗಳು ಇಲ್ಲವೆಂದಲ್ಲ: ವಿದ್ಯುತ್ ಕಳವು ಸಿಕ್ಕಿಬಿದ್ದಾಗ, ವೈರಿಂಗ್‌ನಿಂದ ಜೀವಕ್ಕೆ ಅಪಾಯವಿದ್ದಾಗ. ಆದರೆ ಅವೆಲ್ಲ ಸಿಬ್ಬಂದಿ ಸ್ಥಳಕ್ಕೆ ಬಂದು ಕಣ್ಣಾರೆ ನೋಡಿ ಮಾಡುವ ಕೆಲಸ. ಕಳ್ಳ ಸಂಪರ್ಕ ಇದೆ ಎಂದು ಯಾರೂ ಎಸ್ಸೆಮ್ಮೆಸ್ ಕಳಿಸಿ ಹಣ ಕಟ್ಟಲು ಹೇಳುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೂ ಹೌದು. ಪುಸ್ತಕದಲ್ಲಿ ಏನೇ ಇರಲಿ, ಲೈನ್‌ಮನ್ ಬಂದು ಹೇಳದೆ ಕೇಳದೆ ಫ್ಯೂಸ್ ಕಿತ್ತುಕೊಂಡು ಹೋದದ್ದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇವೆ ಎಂದು ಜನ ಹೇಳುತ್ತಾರೆ. ನಿಜ. ಬಾಕಿದಾರರ ಸಂಪರ್ಕವನ್ನು ಎಸ್ಕಾಂಗಳು ಕಡಿಯುತ್ತವೆ, ಇತ್ತೀಚೆಗೆ ಹೆಚ್ಚು ಬಿಗಿಯಾಗಿಯೇ ಕಡಿಯುತ್ತಿವೆ. ಬೆಸ್ಕಾಂ 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದ ಕ್ರಮವನ್ನೇ ನೋಡಿ. ಬಿಲ್ ಕೊಟ್ಟ ಮೊದಲ 15 ದಿನ ಬಡ್ಡಿಯಿಲ್ಲದೆ ಕಟ್ಟಬಹುದು. ಮುಂದಿನ 15 ದಿನ ಬಡ್ಡಿ ಸೇರಿಸಿ ಕಟ್ಟಬಹುದು. 30 ದಿನ ಕಳೆದರೂ ಕಟ್ಟದಿದ್ದರೆ, ಮುಂದಿನ ಸಲ ಮೀಟರ್ ರೀಡರ್ ಬರುವ ದಿನವೇ ಜೊತೆಗೆ ಲೈನ್‌ಮನ್ ಬಂದು ಸಂಪರ್ಕ ಕಡಿಯುತ್ತಾರೆ. ಕಡಿತ ಇಲ್ಲಿ ಖಂಡಿತ ಇದೆ, ಕರುಣೆಯೇನೂ ಇಲ್ಲ. ಆದರೆ ಅದು ನಡೆಯುವ ಬಗೆಯನ್ನು ಗಮನಿಸಿ: ತಿಂಗಳಿಗೊಮ್ಮೆ ಬರುವ ರೀಡಿಂಗ್ ದಿನಕ್ಕೆ ಕಟ್ಟಿಕೊಂಡ ಕೆಲಸ ಅದು. ಹಗಲು ಹೊತ್ತಿನಲ್ಲಿ, ಮೀಟರ್ ಬೋರ್ಡಿನ ಮುಂದೆ ಮನುಷ್ಯರು ನಿಂತು ಮಾಡುವಂಥದ್ದು. ರಾತ್ರಿ 9.30 ಎಂಬ ಹೊತ್ತು ಈ ಕ್ರಮದಲ್ಲಿ ಎಲ್ಲಿಯೂ ಬರುವುದಿಲ್ಲ. ಬಿಲ್ ಕಟ್ಟದೆ ಉಳಿದಿದ್ದರೂ ನಿಮ್ಮ ಕೈಯಲ್ಲಿ ಲೆಕ್ಕ ಹಾಕಬಹುದಾದ ದಿನಗಳಿರುತ್ತವೆ, ಮತ್ತು ಆ ಲೆಕ್ಕಕ್ಕೆ ಬೇಕಾದ ತಾರೀಕು ಮನೆಯಲ್ಲಿರುವ ಬಿಲ್ಲಿನ ಮೇಲೇ ಅಚ್ಚಾಗಿರುತ್ತದೆ.

ಹಾಗಾದರೆ ಒಂಬತ್ತೂವರೆ ಎಲ್ಲಿಂದ ಬಂತು? ಉಪವಿಭಾಗದ ಕಚೇರಿ ಸಂಜೆಯೇ ಬಾಗಿಲು ಹಾಕಿರುತ್ತದೆ, ಬಿಲ್ ಕಟ್ಟುವ ಕೌಂಟರ್ ಮುಚ್ಚಿರುತ್ತದೆ, ಬ್ಯಾಂಕಿನ ಶಾಖೆಯಲ್ಲಿ ಯಾರೂ ಇರುವುದಿಲ್ಲ. ಹೋಗಿ ಕೇಳಬಹುದಾದ ಬಾಗಿಲುಗಳೆಲ್ಲ ಮುಚ್ಚಿದಾಗ ತೆರೆದಿರುವುದು ಸಂದೇಶದಲ್ಲಿರುವ ಆ ಒಂದು ಮೊಬೈಲ್ ಸಂಖ್ಯೆ ಮಾತ್ರ. ಊಟದ ಹೊತ್ತಿಗೆ ಕತ್ತಲಾಗುತ್ತದೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಹಾಸಿಗೆ ಹಿಡಿದ ಹಿರಿಯರಿಗೆ ಆಮ್ಲಜನಕದ ಯಂತ್ರ ಹಚ್ಚಿದೆ: ಇಂಥ ಮನೆಗಳಲ್ಲಿ ಈ ಬೆದರಿಕೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಮೋಸ ಹೋದವರನ್ನು ದಡ್ಡರು ಎನ್ನುವವರಿದ್ದಾರೆ. ಆ ಮಾತು ತಪ್ಪು ಮತ್ತು ಕ್ರೂರ. ಬಿಲ್ಲನ್ನು ತಪ್ಪದೆ ಕಟ್ಟುವ, ಬಾಕಿ ಎಂದರೆ ಅವಮಾನ ಎಂದುಕೊಂಡ ಪ್ರಾಮಾಣಿಕರೇ ಈ ಬಲೆಗೆ ಸುಲಭವಾಗಿ ಬೀಳುತ್ತಾರೆ. ಎಲ್ಲೋ ತಪ್ಪಾಗಿದೆ, ಕೂಡಲೇ ಸರಿಪಡಿಸಬೇಕು ಎಂಬ ಅವರ ಧಾವಂತವೇ ವಂಚಕನಿಗೆ ಬಂಡವಾಳ.

ಸಂದೇಶದಲ್ಲಿ ಏನಿದೆ ಎಂಬುದರ ಜೊತೆಗೆ ಏನಿಲ್ಲ ಎಂಬುದನ್ನೂ ನೋಡಬೇಕು. ಕರೆಂಟ್ ಬಿಲ್ಲಿನಲ್ಲಿ ನಿಮ್ಮ ಆರ್.ಆರ್. ನಂಬರ್ ಇರುತ್ತದೆ, ಖಾತೆ ಸಂಖ್ಯೆ ಇರುತ್ತದೆ, ಬಿಲ್ಲಿನ ದಿನಾಂಕ, ಪಾವತಿಯ ಕೊನೆಯ ದಿನಾಂಕ, ಪೈಸೆಯವರೆಗಿನ ಮೊತ್ತ ಇರುತ್ತದೆ. ಕಂಪನಿಗೆ ನೀವು ಪರಿಚಯವಿರುವುದೇ ಆ ಸಂಖ್ಯೆಗಳಿಂದ. ವಂಚನೆಯ ಸಂದೇಶ ‘ಹಿಂದಿನ ತಿಂಗಳ ಬಿಲ್’ ಎನ್ನುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ‘ನಿಮ್ಮ ಸಂಪರ್ಕ’ ಎನ್ನುತ್ತದೆ, ಯಾವ ಆರ್.ಆರ್. ನಂಬರಿನದು ಎಂದು ಹೇಳುವುದಿಲ್ಲ. ಏಕೆಂದರೆ ಅದು ಸಾವಿರಾರು ಜನರಿಗೆ ಒಟ್ಟಿಗೆ ಬಿಟ್ಟ ಬಾಣ. ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಸೂಚನೆ ಸೇರಿಕೊಳ್ಳುತ್ತದೆ. 2023ರ ಜುಲೈನಿಂದ ಗೃಹಜ್ಯೋತಿ ಜಾರಿಯಲ್ಲಿದ್ದು, 200 ಯೂನಿಟ್‌ನೊಳಗೆ ತಮ್ಮ ಸರಾಸರಿಯ ಮಿತಿಯಲ್ಲಿ ಬಳಸುವ ಮನೆಗಳಿಗೆ ಶೂನ್ಯ ಬಿಲ್ ಬರುತ್ತದೆ. ಶೂನ್ಯ ಬಿಲ್ ಬಂದ ಮನೆಗೂ ‘ಬಿಲ್ ಕಟ್ಟಿಲ್ಲ’ ಎಂಬ ಸಂದೇಶ ಬಂದರೆ ಕಳಿಸಿದವನಿಗೆ ನಿಮ್ಮ ಖಾತೆಯ ಗಂಧಗಾಳಿಯೂ ಇಲ್ಲವೆಂದೇ ಅರ್ಥ. ಆದರೆ ಇದನ್ನು ಅತಿಯಾಗಿ ನಂಬಬಾರದು: ಮಿತಿ ದಾಟಿದ ತಿಂಗಳು ಹಣ ಕಟ್ಟಬೇಕಾಗುತ್ತದೆ, ಹಳೆಯ ಬಾಕಿ ಇದ್ದರೆ ಅದೂ ಬಿಲ್ಲಿನಲ್ಲಿ ಬರಬಹುದು. ಹೆಸರು, ವಿಳಾಸಗಳು ಎಲ್ಲೆಲ್ಲೋ ಸೋರಿಕೆಯಾಗಿರುವ ಈ ಕಾಲದಲ್ಲಿ ಕರೆ ಮಾಡಿದವನು ನಿಮ್ಮ ಹೆಸರು ಹೇಳಿದ ಎಂಬುದೂ ಯಾವುದಕ್ಕೂ ಸಾಕ್ಷಿಯಲ್ಲ.

ಕಳಿಸಿದವರ ಜಾಗದಲ್ಲಿ ಏನಿದೆ ಎಂದು ನೋಡುವುದು ಇನ್ನೊಂದು ಪರೀಕ್ಷೆ. ಟ್ರಾಯ್ ನಿಯಮದಂತೆ ಬ್ಯಾಂಕು, ಸರ್ಕಾರಿ ಇಲಾಖೆ, ಕಂಪನಿಗಳು ಸಾಮೂಹಿಕ ಎಸ್ಸೆಮ್ಮೆಸ್ ಕಳಿಸಬೇಕಾದರೆ ಮೊದಲೇ ನೋಂದಾಯಿಸಿದ ಹೆಡರ್ ಬಳಸಬೇಕು. ಅದರಲ್ಲಿ ಮೊದಲು ಎರಡಕ್ಷರ, ನಂತರ ಅಡ್ಡಗೆರೆ, ಆಮೇಲೆ ಸಂಸ್ಥೆಯ ಗುರುತು ಕಾಣುತ್ತದೆ. 2025ರಿಂದ ಕೊನೆಯಲ್ಲಿ ಸಂದೇಶದ ಬಗೆ ತಿಳಿಸುವ ಒಂದಕ್ಷರವೂ ಸೇರಿದೆ: ಜಾಹೀರಾತಿಗೆ -P, ಸೇವೆಗೆ -S, ವಹಿವಾಟಿಗೆ -T, ಸರ್ಕಾರಿ ಸಂದೇಶಕ್ಕೆ -G. ಹತ್ತಂಕಿಯ ಮಾಮೂಲಿ ಮೊಬೈಲ್ ಸಂಖ್ಯೆಯಿಂದ ‘ವಿದ್ಯುತ್ ಇಲಾಖೆ’ಯ ಸಂದೇಶ ಬಂದರೆ ಅಲ್ಲಿಗೇ ನಿಲ್ಲಬಹುದು. ಆದರೆ ಇದು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ಪರೀಕ್ಷೆ. ಮಾಮೂಲಿ ಸಂಖ್ಯೆಯಿಂದ ಬಂದದ್ದು ಸುಳ್ಳೆಂದು ಹೇಳಬಹುದು. ಹೆಡರ್ ಇದ್ದಮಾತ್ರಕ್ಕೆ ನಿಜವೆಂದು ಹೇಳಲಾಗದು, ಏಕೆಂದರೆ ಬೇರೆಯವರ ಹೆಡರ್‌ಗಳ ದುರ್ಬಳಕೆ ನಡೆದಿದೆ. ವಾಟ್ಸ್ಆ್ಯಪ್‌ನಲ್ಲಿ ಬೆಸ್ಕಾಂ ಲಾಂಛನದ ಪ್ರೊಫೈಲ್ ಚಿತ್ರ, ಟ್ರೂಕಾಲರ್‌ನಲ್ಲಿ ‘ಎಲೆಕ್ಟ್ರಿಸಿಟಿ ಆಫೀಸರ್’ ಎಂಬ ಹೆಸರು, ಇವಕ್ಕಂತೂ ಕಿಂಚಿತ್ತೂ ಬೆಲೆ ಕೊಡಬೇಡಿ. ಅವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಆ ಸಂಖ್ಯೆಗೆ ಕರೆ ಮಾಡಿದರೆ ಮುಂದೇನಾಗುತ್ತದೆ ಎಂದು ತಿಳಿದಿದ್ದರೆ ‘ಬರೀ ಹತ್ತು ರೂಪಾಯಿ ತಾನೇ, ಕಟ್ಟಿಬಿಡೋಣ’ ಎಂಬ ಯೋಚನೆ ಎಷ್ಟು ಅಪಾಯದ್ದೆಂದು ಗೊತ್ತಾಗುತ್ತದೆ. ಆ ಕಡೆಯವನು ಸಿಟ್ಟಾಗುವುದಿಲ್ಲ, ದೊಡ್ಡ ಮೊತ್ತ ಕೇಳುವುದೂ ಇಲ್ಲ. ‘ಸರ್, ನೀವು ಬಿಲ್ ಕಟ್ಟಿದ್ದೀರಿ, ನಮ್ಮ ಸಿಸ್ಟಮ್‌ನಲ್ಲಿ ಅಪ್‌ಡೇಟ್ ಆಗಿಲ್ಲ, ಅಷ್ಟೇ’ ಎಂದು ಸಮಾಧಾನ ಮಾಡುತ್ತಾನೆ. ಅಪ್‌ಡೇಟ್ ಮಾಡಲು ಎನಿಡೆಸ್ಕ್, ಟೀಮ್‌ವ್ಯೂವರ್ ಕ್ವಿಕ್‌ಸಪೋರ್ಟ್‌ನಂಥ ಆ್ಯಪ್ ಹಾಕಿಸುತ್ತಾನೆ. ಇವು ಕಂಪ್ಯೂಟರ್ ರಿಪೇರಿಯವರು ದೂರದಿಂದ ಕೆಲಸ ಮಾಡಲು ಬಳಸುವ ಆ್ಯಪ್‌ಗಳು. ಅವುಗಳಲ್ಲಿ ಕಾಣುವ ಅಂಕಿಯನ್ನು ಅವನಿಗೆ ಓದಿ ಹೇಳಿ, ಒಪ್ಪಿಗೆ ಒತ್ತಿದ ಕೂಡಲೇ ನಿಮ್ಮ ಪರದೆ ಅವನಿಗೂ ಕಾಣತೊಡಗುತ್ತದೆ. ಹತ್ತು ರೂಪಾಯಿಯ ಪಾವತಿ ಬರುವುದು ಇದಾದ ಮೇಲೆ. ಅವನಿಗೆ ಬೇಕಿರುವುದು ಆ ಹತ್ತು ರೂಪಾಯಿಯಲ್ಲ. ಅದನ್ನು ಕಟ್ಟುವಾಗ ನೀವು ತುಂಬುವ ಕಾರ್ಡ್ ಸಂಖ್ಯೆ, ನೆಟ್ ಬ್ಯಾಂಕಿಂಗ್ ಹೆಸರು, ಪರದೆಯ ಮೇಲೆ ಹಾದುಹೋಗುವ ಒಟಿಪಿ, ಇವನ್ನು ಅವನು ಕುಳಿತಲ್ಲೇ ಬರೆದುಕೊಳ್ಳುತ್ತಾನೆ. ಇತ್ತೀಚಿನ ಇನ್ನೊಂದು ದಾರಿ, ವಾಟ್ಸ್ಆ್ಯಪ್‌ನಲ್ಲಿ .apk ಎಂದು ಕೊನೆಯಾಗುವ ಕಡತ ಕಳಿಸುವುದು. ಅದು ಬಿಲ್ಲಲ್ಲ, ಪ್ಲೇ ಸ್ಟೋರಿನ ಹೊರಗಿನಿಂದ ನೇರವಾಗಿ ಫೋನಿಗೆ ಇಳಿಯುವ ಆ್ಯಪ್. ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಅಂದಿನಿಂದ ನಿಮಗೆ ಬರುವ ಒಟಿಪಿಗಳು ಸದ್ದಿಲ್ಲದೆ ಅವನಿಗೂ ಹೋಗುತ್ತವೆ. ‘ನಾನು ಯಾರಿಗೂ ಒಟಿಪಿ ಹೇಳಲೇ ಇಲ್ಲ’ ಎಂದು ಹಣ ಕಳೆದುಕೊಂಡವರು ಹೇಳುವುದು ಹಲವು ಸಲ ಅಕ್ಷರಶಃ ಸತ್ಯ. ಅವರು ಹೇಳಿರುವುದಿಲ್ಲ, ಫೋನೇ ಕಳಿಸಿರುತ್ತದೆ.

ಪರಿಶೀಲನೆಗೆ ನಾನು ಹಿಡಿಯುವ ಸೂತ್ರ ಒಂದೇ: ಸಂದೇಶ ಬರುವ ಮೊದಲೇ ನಿಮ್ಮಲ್ಲಿದ್ದ ದಾರಿಯಿಂದ ಕಂಪನಿಯನ್ನು ತಲುಪಬೇಕು, ಸಂದೇಶ ತೋರಿಸಿದ ದಾರಿಯಿಂದ ಅಲ್ಲ. ಅಂಥ ದಾರಿಗಳಲ್ಲಿ ಮೊದಲನೆಯದು ಮನೆಯಲ್ಲಿರುವ ಹಳೆಯ ಬಿಲ್. ಅದರ ಮೇಲಿನ ಖಾತೆ ಸಂಖ್ಯೆಯನ್ನು ತೆಗೆದುಕೊಂಡು ಕಂಪನಿಯ ಸ್ವಂತ ಜಾಲತಾಣದಲ್ಲೋ, ಬೆಂಗಳೂರು ವಲಯದವರಾದರೆ ಬೆಸ್ಕಾಂ ಮಿತ್ರ ಆ್ಯಪ್‌ನಲ್ಲೋ ಬಾಕಿ ಎಷ್ಟಿದೆ ನೋಡಬಹುದು. ಬೆಸ್ಕಾಂ ತಾಣದ ವಿಳಾಸ bescom.karnataka.gov.in. ಇಂಥ ವಿಳಾಸವನ್ನು ಓದುವಾಗ ಮೊದಲ ಪದಕ್ಕಿಂತ ಕೊನೆಯ ಭಾಗ ಮುಖ್ಯ: ಅದು ಚುಕ್ಕಿಗಳ ಸಮೇತ karnataka.gov.in ಎಂದೇ ಮುಗಿಯಬೇಕು. ಮುಂದೆ ಬೆಸ್ಕಾಂ ಎಂದಿದ್ದು ಕೊನೆಗೆ .com, .xyz ಎಂದೇನೋ ಇದ್ದರೆ, ಇಲ್ಲವೇ ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಇದ್ದರೆ, ಆ ಪುಟದಲ್ಲಿ ಏನನ್ನೂ ತುಂಬಬೇಡಿ. ಎರಡನೆಯ ದಾರಿ ನೀವು ಈಗಾಗಲೇ ಬಿಲ್ ಕಟ್ಟುವ ಫೋನ್‌ಪೇ, ಗೂಗಲ್ ಪೇ ಅಥವಾ ಬ್ಯಾಂಕಿನ ಆ್ಯಪ್. ಅಲ್ಲಿ ನಿಮ್ಮ ಎಸ್ಕಾಂ ಆರಿಸಿ ಖಾತೆ ಸಂಖ್ಯೆ ಕೊಟ್ಟರೆ ಕಂಪನಿಯ ಕಡತದಲ್ಲಿರುವ ಬಿಲ್ಲೇ ಬರುತ್ತದೆ, ಹೆಸರಿನ ಸಮೇತ. ಇದಕ್ಕೊಂದು ಮಿತಿಯಿದೆ: ನಿನ್ನೆ ಕೌಂಟರ್‌ನಲ್ಲಿ ಕಟ್ಟಿದ ಹಣ ಇಂದು ಇಲ್ಲಿ ಕಾಣಿಸದೇ ಇರಬಹುದು. ಹಾಗಾದಾಗ ರಸೀದಿಯನ್ನು ನಂಬಿ, ಎರಡನೇ ಸಲ ಕಟ್ಟಬೇಡಿ. ಮೂರನೆಯದು 1912. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಚಾಮುಂಡೇಶ್ವರಿ ನಿಗಮ ಐದಕ್ಕೂ ಸಹಾಯವಾಣಿ ಇದೇ ನಾಲ್ಕಂಕಿ. ಆರ್.ಆರ್. ನಂಬರ್ ಹೇಳಿ, ‘ಬಾಕಿ ಇದೆಯೇ, ಕಡಿತದ ಆದೇಶ ಇದೆಯೇ’ ಎಂದು ಎರಡೇ ಪ್ರಶ್ನೆ ಕೇಳಿ. ಹೊರರಾಜ್ಯದಿಂದ ಊರಿನ ಮನೆಯ ಬಗ್ಗೆ ವಿಚಾರಿಸುವವರು ಮಾತ್ರ 1912ರ ಬದಲು ಬಿಲ್ಲಿನ ಮೇಲೆ ಅಚ್ಚಾದ ಉಪವಿಭಾಗದ ವಿವರ ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಕಿರುಸಂಖ್ಯೆ ಬೇರೆ ರಾಜ್ಯಗಳಲ್ಲೂ ಬಳಕೆಯಲ್ಲಿದ್ದು ಅಲ್ಲಿನ ಕಂಪನಿಗೇ ಹೋಗಬಹುದು.

ಕಷ್ಟದ ಒಂದು ಸಂದರ್ಭವನ್ನೇ ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ. ಬಿಲ್ ಕಟ್ಟಿದವರಿಗೆ ಇಂಥ ಸಂದೇಶವನ್ನು ತಳ್ಳಿಹಾಕುವುದು ಸುಲಭ. ನಿಜವಾಗಿಯೂ ಕಟ್ಟಲು ಮರೆತವರಿಗೆ ಸುಲಭವಲ್ಲ. ದಾವಣಗೆರೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಬಿಲ್ ಬಂದದ್ದು ತಿಂಗಳ 3ಕ್ಕೆ, ಮೊತ್ತ 1,140 ರೂಪಾಯಿ, ಕೊನೆಯ ದಿನ 18. ಮದುವೆ ಮನೆಯ ಗಡಿಬಿಡಿಯಲ್ಲಿ ಕಟ್ಟುವುದು ಮರೆತುಹೋಗಿದೆ. 21ರ ಸಂಜೆ ಆರಕ್ಕೆ ಸಂದೇಶ ಬರುತ್ತದೆ. ಬಾಕಿ ಇರುವುದು ಸತ್ಯ, ಕೊನೆಯ ದಿನ ದಾಟಿರುವುದೂ ಸತ್ಯ. ಹೀಗಾಗಿ ಸಂದೇಶವೂ ಸತ್ಯವೆನಿಸುತ್ತದೆ. ಈಗ ಬಿಲ್ಲನ್ನು ಕೈಗೆತ್ತಿಕೊಳ್ಳಿ. 3ರಿಂದ ಎಣಿಸಿದರೆ 21ಕ್ಕೆ ಹದಿನೆಂಟು ದಿನ. ಬಡ್ಡಿ ಸಹಿತ ಕಟ್ಟುವ ಅವಧಿಯಲ್ಲಿ ಮನೆ ಇನ್ನೂ ಮೂರನೇ ದಿನದಲ್ಲಿದೆ, ಮುಂದಿನ ರೀಡಿಂಗ್ ಬರುವುದು ಬರುವ ತಿಂಗಳ ಮೊದಲ ವಾರದಲ್ಲಿ. ಅಂದರೆ ಬೆಸ್ಕಾಂನ ಕ್ರಮದ ಪ್ರಕಾರ ಈ ರಾತ್ರಿ ಕಡಿತಕ್ಕೆ ಕಾರಣವೇ ಇಲ್ಲ. ಇಷ್ಟು ಎಣಿಸಲು ಒಂದು ನಿಮಿಷ ಸಾಕು. ಆಮೇಲೆ ಪ್ರತಿ ತಿಂಗಳು ಬಳಸುವ ಆ್ಯಪ್ ತೆರೆದು ಖಾತೆ ಸಂಖ್ಯೆ ಕೊಟ್ಟರೆ 1,140 ರೂಪಾಯಿಯ ಬಾಕಿ ಕಾಣುತ್ತದೆ. ಹೆಸರು ಸರಿಯಿದೆಯೇ ನೋಡಿ ಅಲ್ಲೇ ಕಟ್ಟಿಬಿಡಬಹುದು, ರಸೀದಿಯ ಚಿತ್ರ ಉಳಿಸಿಕೊಳ್ಳಬಹುದು. ತಡವಾದದ್ದಕ್ಕೆ ಬಡ್ಡಿ ಬಂದರೆ ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ಗಮನಿಸಿ, ಇಲ್ಲಿ ಬಾಕಿ ಇತ್ತು, ಸಂದೇಶ ಬಂದಮೇಲೆ ಹಣವನ್ನೂ ಕಟ್ಟಲಾಯಿತು, ಆದರೂ ವಂಚಕನ ಕೈಗೆ ಒಂದು ಪೈಸೆ ಹೋಗಲಿಲ್ಲ. ಕಟ್ಟುವುದೋ ಬಿಡುವುದೋ ಎಂಬುದು ಪ್ರಶ್ನೆಯೇ ಅಲ್ಲ, ಯಾವ ದಾರಿಯಲ್ಲಿ ಕಟ್ಟಿದಿರಿ ಎಂಬುದು ಪ್ರಶ್ನೆ.

1912ಕ್ಕೆ ಕರೆ ಮಾಡಿದರೆ ಎತ್ತುವುದೇ ಇಲ್ಲ ಎಂಬ ದೂರು ಬಹಳ ಜನರದ್ದು. ಮಳೆ ಗಾಳಿಯ ಸಂಜೆಗಳಲ್ಲಿ ಅದು ಸಿಗುವುದು ಕಷ್ಟವೇ. ಅಂಥ ಹೊತ್ತಿನಲ್ಲಿ ಜನ ಮಾಡುವ ಕೆಲಸ, ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕುವುದು. ಇದನ್ನು ಮಾಡಲೇಬಾರದು. ಇಂಥ ಹುಡುಕಾಟಕ್ಕೆಂದೇ ವಂಚಕರು ತಮ್ಮ ಸಂಖ್ಯೆಗಳನ್ನು ಅಲ್ಲಲ್ಲಿ ತುಂಬಿಟ್ಟಿರುತ್ತಾರೆ, ಒಬ್ಬನಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಬ್ಬನ ಕೈಗೆ ಸಿಕ್ಕಂತಾಗುತ್ತದೆ. 1912 ಸಿಗದಿದ್ದರೆ ಆ್ಯಪ್‌ನಲ್ಲಿ ಬಿಲ್ ನೋಡಿ. ಆ್ಯಪ್ ಬಳಸದವರು ಬೆಳಿಗ್ಗೆ ಬಿಲ್ ಹಿಡಿದು ಉಪವಿಭಾಗದ ಕಚೇರಿಗೆ ಹೋಗಿ. ಬೆಳಿಗ್ಗೆಯವರೆಗೆ ಕಾಯುವುದೇ? ಅಷ್ಟರೊಳಗೆ ಕರೆಂಟ್ ಹೋದರೆ? ಎರಡೂ ಬದಿಯ ನಷ್ಟವನ್ನು ತೂಗಿ ನೋಡಿ. ಸಂದೇಶ ನಿಜವಾಗಿದ್ದು ನೀವು ಕಾದಿರೆನ್ನಿ, ಆಗಬಹುದಾದ ನಷ್ಟ ಒಂದು ಕತ್ತಲ ರಾತ್ರಿ ಮತ್ತು ಮರುಸಂಪರ್ಕದ ಶುಲ್ಕ. ಸಂದೇಶ ಸುಳ್ಳಾಗಿದ್ದು ನೀವು ಅವಸರಿಸಿದಿರೆನ್ನಿ, ಹೋಗುವುದು ಉಳಿತಾಯ ಖಾತೆಯಲ್ಲಿ ಇದ್ದಷ್ಟೂ. ಮೊದಲನೆಯದನ್ನು ಮರುದಿನ ಸರಿಪಡಿಸಬಹುದು. ಎರಡನೆಯದು ಮರಳುವ ಖಾತ್ರಿಯಿಲ್ಲ. ವೈದ್ಯಕೀಯ ಯಂತ್ರದ ಮೇಲೆ ಇರುವವರ ಮನೆಯಲ್ಲಿ ಈ ತೂಕ ಬೇರೆಯಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅಂಥ ಮನೆಗೆ ಬೇಕಿರುವುದು ಬ್ಯಾಟರಿ ಅಥವಾ ತುಂಬಿದ ಸಿಲಿಂಡರ್‌ನ ಮುನ್ನೇರ್ಪಾಡು, ಏಕೆಂದರೆ ಮರದ ಕೊಂಬೆ ಬಿದ್ದರೂ ಕರೆಂಟ್ ಹೋಗುತ್ತದೆ. ಅಪರಿಚಿತನಿಗೆ ಕಟ್ಟುವ ಹತ್ತು ರೂಪಾಯಿ ಆ ರಾತ್ರಿಯನ್ನು ಕಾಯುವುದಿಲ್ಲ. ಇನ್ನೊಂದು ಆಕಸ್ಮಿಕವನ್ನೂ ನೆನಪಿಡಿ: ಸಂದೇಶ ಬಂದ ರಾತ್ರಿಯೇ ಯಾವುದೋ ದೋಷದಿಂದ ಕರೆಂಟ್ ಹೋಗಬಹುದು. ಆಗ ಮೊದಲು ಪಕ್ಕದ ಮನೆ, ಬೀದಿ ದೀಪ ನೋಡಿ. ಬಾಕಿಗೆ ಕಡಿದರೆ ಒಂದು ಮನೆಯದ್ದು ಹೋಗುತ್ತದೆ, ಇಡೀ ಬೀದಿಯದ್ದಲ್ಲ.

ಸ್ಮಾರ್ಟ್ ಮೀಟರ್ ಬರುತ್ತಿವೆ, ಅವನ್ನು ದೂರದಿಂದಲೇ ಆರಿಸಬಹುದಲ್ಲ ಎಂಬ ಮಾತೂ ಬಂದೇ ಬರುತ್ತದೆ. ಹೌದು, ಸ್ಮಾರ್ಟ್ ಮೀಟರ್‌ಗೆ ಆ ಸಾಮರ್ಥ್ಯವಿದೆ. ಪ್ರೀಪೇಯ್ಡ್ ಮೀಟರ್‌ನಲ್ಲಿ ಹಣ ಮುಗಿದರೆ ಲೈನ್‌ಮನ್ ಬರಬೇಕಿಲ್ಲ. ಆದರೆ ಪ್ರೀಪೇಯ್ಡ್‌ನಲ್ಲಿ ‘ಹಿಂದಿನ ತಿಂಗಳ ಬಿಲ್’ ಎಂಬುದೇ ಇರುವುದಿಲ್ಲ, ಇರುವುದು ಉಳಿದ ಹಣ. ಅದನ್ನು ಕಂಪನಿಯ ಆ್ಯಪ್‌ನಲ್ಲಿ ನೀವೇ ನೋಡಿಕೊಂಡು ರೀಚಾರ್ಜ್ ಮಾಡಬಹುದು, ಯಾವ ಅಧಿಕಾರಿಯ ಜೊತೆಗೂ ಮಾತಾಡಬೇಕಿಲ್ಲ. ತಂತ್ರ ಬದಲಾದಂತೆ ಸಂದೇಶದ ಒಕ್ಕಣೆಯೂ ಬದಲಾಗುತ್ತದೆ. ‘ಮೀಟರ್ ಅಪ್‌ಗ್ರೇಡ್’, ‘ಕೆವೈಸಿ’ ಎಂದು ಈಗಾಗಲೇ ಬರುತ್ತಿದೆ. ದಾರಿಯ ಸೂತ್ರ ಅಲ್ಲೂ ಅದೇ.

ಈಗಾಗಲೇ ಆ್ಯಪ್ ಹಾಕಿಕೊಂಡಿದ್ದರೆ, ವಿವರ ತುಂಬಿಬಿಟ್ಟಿದ್ದರೆ ಮಾಡಬೇಕಾದ ಕೆಲಸಗಳಿಗೆ ಒಂದು ಕ್ರಮವಿದೆ. ಮೊದಲು ಆ ಫೋನಿನ ಡೇಟಾ ಮತ್ತು ವೈಫೈ ಆರಿಸಿ. ನೆಟ್ ಇಲ್ಲದಿದ್ದರೆ ಪರದೆ ಅವನಿಗೆ ಕಾಣುವುದಿಲ್ಲ. ಮನೆಯ ಇನ್ನೊಬ್ಬರ ಫೋನಿನಿಂದ, ಕಾರ್ಡಿನ ಹಿಂದೆ ಅಚ್ಚಾದ ಸಂಖ್ಯೆಗೆ ಕರೆ ಮಾಡಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಿ. ಹಣ ಹೋಗಿದ್ದರೆ ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೋದ ಹಣ ಯಾವ ಖಾತೆಗೆ ಸೇರಿದೆಯೋ ಅಲ್ಲಿಂದ ಮುಂದಕ್ಕೆ ಸಾಗುವ ಮೊದಲೇ ತಡೆಹಿಡಿಯಲು ಪ್ರಯತ್ನಿಸುವ ವ್ಯವಸ್ಥೆ ಅದು, ಆದ್ದರಿಂದ ಅಲ್ಲಿ ನಿಮಿಷಗಳಿಗೂ ಬೆಲೆಯಿದೆ. ದೂರನ್ನು cybercrime.gov.in ತಾಣದಲ್ಲೂ ದಾಖಲಿಸಬಹುದು. ಬ್ಯಾಂಕಿಗೆ ಬೇಗ ತಿಳಿಸುವುದಕ್ಕೆ ಇನ್ನೊಂದು ಕಾರಣವಿದೆ. ರಿಸರ್ವ್ ಬ್ಯಾಂಕ್‌ನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕನೇ ವಿವರ ಕೊಟ್ಟು ಆದ ನಷ್ಟ ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕನದು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದರೆ ಆ ರಾತ್ರಿ ಹೋಗುವ ಹಣವೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಕರೆ ಮಾಡಿದವನು ನಕ್ಷತ್ರ ಚಿಹ್ನೆ, ಅಂಕಿಗಳ ಯಾವುದಾದರೂ ಸಂಕೇತ ಒತ್ತಿಸಿದ್ದರೆ ನಿಮ್ಮ ಕರೆಗಳು ಅವನಿಗೆ ತಿರುಗಿರಬಹುದು. ##002# ಒತ್ತಿ ಕರೆ ಮಾಡಿದರೆ ಕರೆ ತಿರುಗಿಸುವಿಕೆ ರದ್ದಾಗುತ್ತದೆ. ಫೋನಿನಲ್ಲಿರುವ ಆ ಆ್ಯಪ್ ತೆಗೆದುಹಾಕುವುದು ಇವೆಲ್ಲ ಆದಮೇಲೆ, ಸಂದೇಶ ಮತ್ತು ಸಂಖ್ಯೆಯ ಚಿತ್ರಗಳನ್ನು ದೂರಿಗಾಗಿ ಉಳಿಸಿಕೊಂಡು.

ಮೋಸ ಹೋಗದೆ ಪಾರಾದವರು ಸಂದೇಶವನ್ನು ಅಳಿಸಿ ಸುಮ್ಮನಾಗುತ್ತಾರೆ. ಅದನ್ನು ಅಳಿಸುವ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ದೂರಸಂಪರ್ಕ ಇಲಾಖೆಯ sancharsaathi.gov.in ತಾಣದಲ್ಲಿ 2024ರ ಮಾರ್ಚ್‌ನಿಂದ ‘ಚಕ್ಷು’ ಎಂಬ ವಿಭಾಗವಿದೆ. ಹಣ ಹೋಗದಿದ್ದರೂ, ಕಳೆದ 30 ದಿನಗಳಲ್ಲಿ ಬಂದ ಸಂಶಯದ ಕರೆ, ಎಸ್ಸೆಮ್ಮೆಸ್, ವಾಟ್ಸ್ಆ್ಯಪ್ ಸಂದೇಶವನ್ನು ಅಲ್ಲಿ ತಿಳಿಸಬಹುದು. ವಿದ್ಯುತ್ ಸಂಪರ್ಕದ ಹೆಸರಿನ ವಂಚನೆಗೆ ಪಟ್ಟಿಯಲ್ಲೇ ಜಾಗವಿದೆ. ಒಂದು ಸಂಖ್ಯೆ ತಿಳಿಸಿ ಏನುಪಯೋಗ, ಅವನು ನಾಳೆ ಬೇರೆ ಸಿಮ್ ಹಾಕುತ್ತಾನೆ ಎಂಬುದು ಸಹಜವಾದ ಪ್ರಶ್ನೆ. ಅದಕ್ಕೆ ಉತ್ತರ 2024ರ ಜೂನ್‌ನಲ್ಲಿ ಸಿಕ್ಕಿತು. ವಿದ್ಯುತ್ ಕೆವೈಸಿ ಹೆಸರಿನ ಮೋಸದ ಬಗ್ಗೆ ಜನ ಚಕ್ಷುವಿಗೆ ತಿಳಿಸಿದ್ದು ಐದು ಸಂಖ್ಯೆಗಳನ್ನು. ಸಿಮ್ ಬದಲಾದರೂ ಹ್ಯಾಂಡ್‌ಸೆಟ್‌ನ ಗುರುತಿನ ಸಂಖ್ಯೆ ಬದಲಾಗುವುದಿಲ್ಲ; ಆ ಎಳೆ ಹಿಡಿದು ಹೋದ ಇಲಾಖೆಗೆ ಸಿಕ್ಕಿದ್ದು 392 ಹ್ಯಾಂಡ್‌ಸೆಟ್‌ಗಳು, ಅವುಗಳೊಂದಿಗೆ ತಳಕು ಹಾಕಿಕೊಂಡ 31,740 ಮೊಬೈಲ್ ಸಂಪರ್ಕಗಳು. ಹ್ಯಾಂಡ್‌ಸೆಟ್‌ಗಳನ್ನು ದೇಶದಾದ್ಯಂತ ನಿರ್ಬಂಧಿಸಲು, ಸಂಪರ್ಕಗಳನ್ನು ಮರುಪರಿಶೀಲಿಸಿ ವಿಫಲವಾದವನ್ನು ಕಡಿಯಲು ಇಲಾಖೆ ಮೊಬೈಲ್ ಕಂಪನಿಗಳಿಗೆ ಆದೇಶಿಸಿತು. ಚಕ್ಷುವಿನಲ್ಲಿ ದೂರು ಕೊಡಲು ಬೇಕಾದದ್ದು ಸಂದೇಶದ ಚಿತ್ರ, ಅದು ಬಂದ ಸಂಖ್ಯೆ, ದಿನಾಂಕ, ಸಮಯ, ನಿಮ್ಮ ಮೊಬೈಲ್‌ಗೆ ಬರುವ ಒಂದು ಒಟಿಪಿ. ಆ ಒಟಿಪಿಯನ್ನು ತುಂಬಬೇಕಾದದ್ದು ತಾಣದ ಪುಟದಲ್ಲಿ ನೀವೇ, ಫೋನಿನಲ್ಲಿ ಯಾರೂ ಕೇಳುವುದಿಲ್ಲ.